ಗಿರಾಕಿಗೆ ಬರೆಯುವ ಮೂರು ಪತ್ರಗಳು
ಆರ್ಡರ್ ಬಂತು, ಮಾಲು ಹೊರಟಿತು, ಪಾಸ್‌ವರ್ಡ್ ಮರೆಯಿತು: ಓದಿಸಿಕೊಳ್ಳುವ ಇ-ಮೇಲ್ ಬರೆಯುವ ಬಗೆ

ಮಂಡಿಗೆ ಅಡಿಕೆ ಹಾಕಿ ಮನೆಗೆ ಬಂದ ಬೆಳೆಗಾರನು ಪಟ್ಟಿ ಕೈಗೆ ಬರುವವರೆಗೆ ನಿಶ್ಚಿಂತನಾಗಿರುವುದಿಲ್ಲ. ಪಟ್ಟಿ ಬಂದೊಡನೆ ಅವನು ಮೊದಲು ನೋಡುವುದು ತೂಕ, ದರ, ಕೈಗೆ ಬರುವ ಮೊಬಲಗು, ಈ ಮೂರನ್ನೇ. ಪಟ್ಟಿಯ ತಲೆಯಲ್ಲಿ ಅಚ್ಚಾದ ದೇವರ ಚಿತ್ರವಾಗಲಿ, ಕೆಳಗಿನ ವಂದನೆಯಾಗಲಿ ಅವನ ಕಣ್ಣಿಗೆ ಬೀಳುವುದು ಆಮೇಲೆ. ಹಣ ಕೊಟ್ಟು ಮಾಲಿಗಾಗಿ ಕಾದಿರುವ ಮನುಷ್ಯ ಎಲ್ಲಿಯೇ ಇದ್ದರೂ ಹೀಗೆಯೇ ಓದುತ್ತಾನೆ.

1990ರ ದಶಕದ ನಡುವೆ ಕಾಫಿ ಪೂಲ್ ವ್ಯವಸ್ಥೆ ತೆರವಾದ ಮೇಲೆ ತಮ್ಮ ಕಾಫಿಯನ್ನು ತಾವೇ ಮಾರುವ ಸ್ವಾತಂತ್ರ್ಯ ಬೆಳೆಗಾರರಿಗೆ ದೊರಕಿತು. ಈಗ ಸಣ್ಣ ಬೆಳೆಗಾರರಲ್ಲಿ ಕೆಲವರು ಒಂಟಿಯಾಗಿಯೂ ಕೆಲವರು ಗುಂಪಾಗಿಯೂ ಹುರಿದ ಕಾಫಿ ಪುಡಿ, ಅಡಿಕೆ, ಮೆಣಸುಗಳನ್ನು ಅಂತರಜಾಲದ ಅಂಗಡಿಯ ಮೂಲಕ ನೇರವಾಗಿ ಮನೆಗಳಿಗೆ ಕಳಿಸತೊಡಗಿದ್ದಾರೆ. ಇಂತಹ ಅಂಗಡಿಯಲ್ಲಿ ಗಿರಾಕಿಯ ಎದುರು ನಾವು ಕುಳಿತಿರುವುದಿಲ್ಲ. ನಮ್ಮ ಪರವಾಗಿ ಮಾತನಾಡುವುದು ಯಂತ್ರವೇ ಕಳಿಸುವ ಮೂರು ಪತ್ರಗಳು ಮಾತ್ರ: ಆರ್ಡರ್ ಬಂದಿದೆ ಎಂಬುದೊಂದು, ಮಾಲು ಹೊರಟಿದೆ ಎಂಬುದೊಂದು, ಪಾಸ್‌ವರ್ಡ್ ಮರೆತವರಿಗೆ ಹೊಸದನ್ನು ಮಾಡಿಕೊಳ್ಳುವ ದಾರಿ ತೋರಿಸುವುದೊಂದು. ಅಂಗಡಿಯನ್ನು ಕಟ್ಟಿಕೊಟ್ಟ ಕಂಪ್ಯೂಟರಿನವರು ಇವನ್ನು ಸಿದ್ಧ ಅಚ್ಚಿನಲ್ಲಿ ಬಿಟ್ಟು ಹೋಗಿರುತ್ತಾರೆ. ಅವುಗಳ ಮಾತನ್ನು ತಿದ್ದುವ ಕೆಲಸ ಮಾಲಿನ ಒಡೆಯರದು. ಒಂದು ಆರ್ಡರನ್ನು ಹಿಡಿದು ಮೂರು ಪತ್ರಗಳನ್ನೂ ಇಲ್ಲಿ ಬರೆದು ನೋಡೋಣ.

ಗಿರಾಕಿ ಯಾರು?

ಉದಾಹರಣೆಗೆ, ಗದಗ ಜಿಲ್ಲೆಯ ನರಗುಂದ ತಾಲ್ಲೂಕಿನ ಶಿರೋಳದಿಂದ ಆರ್ಡರ್ ಬಂದಿದೆಯೆಂದು ಇಟ್ಟುಕೊಳ್ಳೋಣ. ಅದು ಎರೆನೆಲದ ಸೀಮೆ. ಜೋಳ, ಕಡಲೆ, ಹತ್ತಿ ಬೆಳೆಯುವ ಅಲ್ಲಿನವರಿಗೆ ಕಾಫಿಯೂ ಅಡಿಕೆಯೂ ದೂರದಿಂದಲೇ ಬರಬೇಕು. ಆರ್ಡರ್ ಹೀಗಿದೆ: ಚಿಕೋರಿ ಬೆರೆಸದ ಫಿಲ್ಟರ್ ಕಾಫಿ ಪುಡಿ ಅರ್ಧ ಕಿಲೋದ 2 ಪೊಟ್ಟಣ, 900 ರೂಪಾಯಿ, ರಾಶಿ ಅಡಿಕೆ 1 ಕಿಲೋ, 620 ರೂಪಾಯಿ, ಅಂಚೆ ವೆಚ್ಚ 140 ರೂಪಾಯಿ, ಒಟ್ಟು 1,660 ರೂಪಾಯಿ. ದರಗಳು ಲೆಕ್ಕ ತೋರಿಸುವುದಕ್ಕಾಗಿ ಮಾತ್ರ.

ಇಲ್ಲಿ ಒಂದು ಸಂಗತಿಯನ್ನು ಮೊದಲೇ ಗಮನಿಸಬೇಕು. ಇಂತಹ ಆರ್ಡರಿನಲ್ಲಿ ಇ-ಮೇಲ್ ಓದುವವರು ಬೇರೆ, ಪಾರ್ಸೆಲ್ ತೆಗೆದುಕೊಳ್ಳುವವರು ಬೇರೆ ಆಗಿರುವುದುಂಟು. ಹುಬ್ಬಳ್ಳಿಯಲ್ಲೋ ಬೆಂಗಳೂರಿನಲ್ಲೋ ಇರುವ ಮಗ ಆರ್ಡರ್ ಕೊಟ್ಟು ಹಣ ಕಟ್ಟುತ್ತಾನೆ. ಬಾಗಿಲಲ್ಲಿ ನಿಂತು ಪಾರ್ಸೆಲ್ ಪಡೆಯುವವರು ಊರಿನಲ್ಲಿರುವ ತಾಯಿ-ತಂದೆ. ಆದುದರಿಂದ ಪತ್ರದ ಮುಖ್ಯ ಸಾಲುಗಳನ್ನು ಅವನು ನಕಲು ಮಾಡಿ ವಾಟ್ಸ್‌ಆ್ಯಪಿನಲ್ಲಿ ಊರಿಗೆ ಕಳಿಸುವಂತಿರಬೇಕು. ಬಣ್ಣದ ಚಿತ್ರದೊಳಗೆ ಅಕ್ಷರಗಳನ್ನು ಕೂರಿಸಿ ಕಳಿಸಿದರೆ ಇದು ಸಾಧ್ಯವಾಗದು. ಜಾಲ ದುರ್ಬಲವಿರುವ ಕಡೆ ಆ ಚಿತ್ರ ತೆರೆಯದೆ ಪತ್ರವೇ ಖಾಲಿಯಾಗಿ ಕಾಣುವುದೂ ಉಂಟು. ಹೇಳಬೇಕಾದ ಮಾತೆಲ್ಲವೂ ಅಕ್ಷರದಲ್ಲಿಯೇ ಇರಲಿ. ಚಿತ್ರ ಬೇಕೆಂದರೆ ಸಂಘದ ಗುರುತೊಂದು ಸಾಕು.

ಮೊದಲನೆಯ ಪತ್ರ: ಆರ್ಡರ್ ಬಂದಿದೆ

ಫೋನಿನ ಪಟ್ಟಿಯಲ್ಲಿ ಇ-ಮೇಲ್ ತೆರೆಯುವ ಮುಂಚೆ ಮೂರೇ ಸಂಗತಿ ಕಾಣುತ್ತವೆ: ಕಳಿಸಿದವರ ಹೆಸರು, ವಿಷಯದ ಸಾಲಿನ ಆರಂಭ, ಪತ್ರದ ಮೊದಲ ಕೆಲವು ಪದಗಳು. ವಿಷಯದ ಸಾಲು ಎಷ್ಟು ಉದ್ದವಿದ್ದರೂ ಸಣ್ಣ ಫೋನಿನಲ್ಲಿ ಮೊದಲ ನಾಲ್ಕೈದು ಪದಗಳ ನಂತರ ಕತ್ತರಿಸಿ ಹೋಗುತ್ತದೆ. "ನಮ್ಮ ಸಂಸ್ಥೆಯಲ್ಲಿ ಖರೀದಿ ಮಾಡಿದ್ದಕ್ಕಾಗಿ ತಮಗೆ ಹೃತ್ಪೂರ್ವಕ ಧನ್ಯವಾದಗಳು" ಎಂದು ಬರೆದರೆ ಗಿರಾಕಿಗೆ ಕಾಣುವುದು "ನಮ್ಮ ಸಂಸ್ಥೆಯಲ್ಲಿ ಖರೀದಿ" ಎಂಬಷ್ಟೇ. ಅದು ಜಾಹೀರಾತೋ ರಸೀದಿಯೋ ತಿಳಿಯದೆ ಅವನು ಮುಂದಕ್ಕೆ ಸರಿಯುತ್ತಾನೆ. ಬದಲಿಗೆ ವಿಷಯವನ್ನು ಹೀಗೆ ಬರೆಯಬಹುದು:

ಆರ್ಡರ್ 1147 ಬಂದಿದೆ, ಹಣ ತಲುಪಿದೆ

ಪತ್ರದೊಳಗಿನ ಮೊದಲ ಸಾಲು ಇದನ್ನೇ ಮತ್ತೆ ಹೇಳಬಾರದು. ಮುಂದಿನ ಪ್ರಶ್ನೆಗೆ ಉತ್ತರ ಕೊಡಬೇಕು. ಆ ಪ್ರಶ್ನೆ "ಯಾವಾಗ ಬರುತ್ತದೆ?" ಎಂಬುದು. ಆಮೇಲೆ ಮಾಲಿನ ವಿವರ, ಲೆಕ್ಕ, ವಿಳಾಸ:

ನಿಮ್ಮ ಪಾರ್ಸೆಲನ್ನು ಬುಧವಾರ ಅಂಚೆಗೆ ಹಾಕುತ್ತೇವೆ.
ಫಿಲ್ಟರ್ ಕಾಫಿ ಪುಡಿ, ಚಿಕೋರಿ ಇಲ್ಲ, 500 ಗ್ರಾಂ × 2: ರೂ. 900
ರಾಶಿ ಅಡಿಕೆ, 1 ಕಿಲೋ: ರೂ. 620
ಅಂಚೆ ವೆಚ್ಚ: ರೂ. 140
ಒಟ್ಟು: ರೂ. 1,660 (ಪೂರ್ತಿ ಸಂದಾಯವಾಗಿದೆ)
ತಲುಪಿಸಬೇಕಾದ ವಿಳಾಸ: ಶಿರೋಳ, ನರಗುಂದ ತಾಲ್ಲೂಕು, ಗದಗ ಜಿಲ್ಲೆ
ಇದರಲ್ಲಿ ತಪ್ಪಿದ್ದರೆ ಮಂಗಳವಾರ ಸಂಜೆ 5 ಗಂಟೆಯೊಳಗೆ ಈ ಪತ್ರಕ್ಕೇ ಉತ್ತರ ಬರೆಯಿರಿ.

"ಚಿಕೋರಿ ಇಲ್ಲ" ಎಂಬ ಎರಡು ಪದಗಳನ್ನು ಬಿಡಬಾರದು. ಪುಡಿ ಮಾಡಿ ಪೊಟ್ಟಣ ಕಟ್ಟಿದ ಕಾಫಿಯನ್ನು ಮರಳಿ ಪಡೆದು ಇನ್ನೊಬ್ಬರಿಗೆ ಮಾರಲು ಬರುವುದಿಲ್ಲ. ಗಿರಾಕಿ ತಪ್ಪು ಗುಂಡಿ ಒತ್ತಿದ್ದರೆ ಅದು ಬೀಸುವ ಮುಂಚೆಯೇ ತಿಳಿಯಬೇಕು, ಅದಕ್ಕೆ ಈ ಪತ್ರವೇ ಅವಕಾಶ. ತಿದ್ದುಪಡಿಗೆ ದಿನ ಮತ್ತು ಗಂಟೆಯನ್ನು ಹೇಳುವುದೂ ಇದೇ ಕಾರಣಕ್ಕೆ. "ಆದಷ್ಟು ಬೇಗ ತಿಳಿಸಿ" ಎಂದರೆ ಯಾರೂ ಬೇಗ ತಿಳಿಸುವುದಿಲ್ಲ.

ವಿಳಾಸವನ್ನು ಪೂರ್ತಿಯಾಗಿ ಅಚ್ಚಿಸುವುದು ಇನ್ನೂ ಮುಖ್ಯ. ಶಿರೋಳ ಎಂಬ ಹೆಸರೇ ಇದಕ್ಕೆ ನಿದರ್ಶನ. ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನಲ್ಲಿಯೂ ಒಂದು ಶಿರೋಳವಿದೆ. ಮಹಾರಾಷ್ಟ್ರದ ಕೊಲ್ಹಾಪುರ ಜಿಲ್ಲೆಯಲ್ಲಿ ಶಿರೋಳ ಎಂಬುದು ತಾಲ್ಲೂಕು ಕೇಂದ್ರವೇ ಆಗಿದೆ. ಅಲ್ಲದೆ ಗದಗ ಜಿಲ್ಲೆ ಧಾರವಾಡದಿಂದ ಬೇರ್ಪಟ್ಟಿದ್ದು 1997ರಲ್ಲಿ. ಹಿರಿಯರಲ್ಲಿ ಕೆಲವರು ಹಳೆಯ ರೂಢಿಯಂತೆ "ಜಿಲ್ಲೆ ಧಾರವಾಡ" ಎಂದೇ ಬರೆಯಬಹುದು. ಇಂತಹ ಗೊಂದಲವನ್ನು ಬಿಡಿಸುವುದು ಪಿನ್ ಕೋಡ್. 1972ರಿಂದ ಬಳಕೆಯಲ್ಲಿರುವ ಈ ಆರಂಕಿಯ ಸಂಖ್ಯೆಯಲ್ಲಿ ಮೊದಲ ಮೂರು ಅಂಕಿಗಳು ಪಾರ್ಸೆಲ್ ಯಾವ ಸೀಮೆಗೆ ಹೋಗಬೇಕೆಂಬುದನ್ನು ಹೇಳುತ್ತವೆ. ಗದಗಕ್ಕೆ 582, ಬಾಗಲಕೋಟೆಗೆ 587, ಕೊಲ್ಹಾಪುರಕ್ಕೆ 416. ಗಿರಾಕಿ "ಶಿರೋಳ, ಗದಗ ಜಿಲ್ಲೆ" ಎಂದು ಬರೆದು ಪಿನ್ ಕೋಡನ್ನು 587ರಿಂದ ಆರಂಭಿಸಿದ್ದರೆ ಎರಡರಲ್ಲಿ ಒಂದು ತಪ್ಪೆಂದು ಅರ್ಥ. ಅಂಗಡಿಯ ಕಂಪ್ಯೂಟರು ಇದನ್ನು ತಾನೇ ಹೋಲಿಸಿ, ವಿಳಾಸದ ಕೆಳಗೆ "ಜಿಲ್ಲೆಯೂ ಪಿನ್ ಕೋಡೂ ಹೊಂದುತ್ತಿಲ್ಲ, ದಯವಿಟ್ಟು ನೋಡಿ" ಎಂಬ ಸಾಲನ್ನು ಸೇರಿಸುವಂತೆ ಮಾಡಿಸಬಹುದು.

ಈ ಪತ್ರ ಯಾವ ಗಳಿಗೆಯಲ್ಲಿ ಹೊರಡಬೇಕೆಂಬುದೂ ವಿಚಾರಾರ್ಹ. ಯು.ಪಿ.ಐ. ಮೂಲಕ ಹಣ ಕಟ್ಟುವಾಗ ಒಮ್ಮೊಮ್ಮೆ ಗಿರಾಕಿಯ ಖಾತೆಯಿಂದ ಹಣ ಕಡಿತವಾಗಿ, ನಮ್ಮ ಖಾತೆಗೆ ಬಂದುದು ಖಚಿತವಾಗಲು ಸಮಯ ಹಿಡಿಯುತ್ತದೆ. ಅಷ್ಟರಲ್ಲಿ "ಹಣ ತಲುಪಿದೆ" ಎಂದು ಬರೆದರೆ ನಾವು ಪಡೆಯದ ಹಣಕ್ಕೆ ರಸೀದಿ ಕೊಟ್ಟಂತಾಗುತ್ತದೆ. ಏನೂ ಬರೆಯದಿದ್ದರೆ ಗಿರಾಕಿ ಗಾಬರಿಯಾಗಿ ಎರಡನೆಯ ಸಲ ಹಣ ಕಟ್ಟುತ್ತಾನೆ. ಆದುದರಿಂದ ಆರ್ಡರ್ ದಾಖಲಾದ ಕೂಡಲೇ "ಆರ್ಡರ್ 1147 ಬಂದಿದೆ, ಹಣದ ಖಚಿತತೆ ಕಾಯುತ್ತಿದ್ದೇವೆ, ಮತ್ತೆ ಕಟ್ಟಬೇಡಿ" ಎಂದು ತಿಳಿಸಿ, ಹಣ ವಸೂಲಿ ಮಾಡಿಕೊಡುವ ಸಂಸ್ಥೆಯ ಕಂಪ್ಯೂಟರಿನಿಂದ ಖಚಿತ ಸಂದೇಶ ಬಂದ ಮೇಲೆಯೇ "ಹಣ ತಲುಪಿದೆ" ಎಂಬ ಪತ್ರ ಕಳಿಸಬೇಕು. ಆ ಖಚಿತ ಸಂದೇಶವು ಒಮ್ಮೊಮ್ಮೆ ಎರಡು ಸಲ ಬರುವುದುಂಟು. ಆರ್ಡರ್ ಸಂಖ್ಯೆಯನ್ನು ನೋಡಿ, ಪತ್ರ ಒಮ್ಮೆ ಹೋಗಿದ್ದರೆ ಮತ್ತೆ ಕಳಿಸದಂತೆ ಏರ್ಪಾಡಿರಬೇಕು. ಒಂದೇ ಆರ್ಡರಿಗೆ ಎರಡು ಪತ್ರ ಕಂಡವರು ಎರಡು ಆರ್ಡರ್ ಆಗಿದೆಯೆಂದು ತಿಳಿದು ಒಂದನ್ನು ರದ್ದು ಮಾಡಲು ಫೋನ್ ಮಾಡುತ್ತಾರೆ.

ಕನ್ನಡ ಕೆಡದಂತೆ

ಕನ್ನಡದಲ್ಲಿ ಬರೆಯುವವರಿಗೆ ಒಂದು ವಿಶೇಷ ತೊಡಕಿದೆ. ನಮ್ಮಲ್ಲಿ ಅನೇಕ ಕಚೇರಿಗಳ ಹಳೆಯ ಕಾಗದಪತ್ರಗಳು ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚಾಗಿವೆ. ಅದರಲ್ಲಿ ಕಂಪ್ಯೂಟರ್ ಉಳಿಸಿಕೊಳ್ಳುವುದು ಕನ್ನಡ ಅಕ್ಷರಗಳನ್ನಲ್ಲ, ಪರಭಾಷೆಯ ಅಕ್ಷರ ಸಂಕೇತಗಳನ್ನು. ಆ ಫಾಂಟ್ ಇರುವ ಯಂತ್ರದಲ್ಲಿ ಮಾತ್ರ ಅವು ಕನ್ನಡವಾಗಿ ತೋರುತ್ತವೆ. ಅಂತಹ ಬರಹವನ್ನು ಇ-ಮೇಲಿಗೆ ಅಂಟಿಸಿದರೆ "ಕಾಫಿ" ಎಂಬ ಪದ ಗಿರಾಕಿಯ ಫೋನಿನಲ್ಲಿ ಹೀಗೆ ಕಾಣುತ್ತದೆ:

```
PÁ¦ü
```

ಬರೆದವರ ಯಂತ್ರದಲ್ಲಿ ಎಲ್ಲವೂ ಸರಿಯಾಗಿಯೇ ಕಾಣುವುದರಿಂದ ತಪ್ಪು ನಮ್ಮ ಗಮನಕ್ಕೆ ಬರುವುದೇ ಇಲ್ಲ. ಪತ್ರದ ಮಾತನ್ನು ಯೂನಿಕೋಡ್‌ನಲ್ಲಿ ಬೆರಳಚ್ಚು ಮಾಡಬೇಕು, ಅಥವಾ ಪರಿವರ್ತಕದಿಂದ ಯೂನಿಕೋಡಿಗೆ ತಂದುಕೊಳ್ಳಬೇಕು. ಮತ್ತು ಪತ್ರದ ತಲೆಯಲ್ಲಿ ಈ ಸಾಲು ಇದೆಯೇ ಎಂದು ಕಂಪ್ಯೂಟರಿನವರನ್ನು ಕೇಳಬೇಕು:

```
Content-Type: text/plain; charset=UTF-8
```

ವಿಷಯದ ಸಾಲಿಗೆ ಬೇರೆಯೇ ಸಂಕೇತ ಬೇಕಾಗುತ್ತದೆ. ಪತ್ರದೊಳಗೆ ಕನ್ನಡ ಸರಿಯಾಗಿದ್ದು ವಿಷಯದಲ್ಲಿ ಮಾತ್ರ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಂಡರೆ ದೋಷ ಅಲ್ಲಿದೆಯೆಂದು ತಿಳಿಯಬೇಕು. ಪರೀಕ್ಷೆ ಸುಲಭ: ಪತ್ರವನ್ನು ಕಚೇರಿಯ ಯಂತ್ರದಲ್ಲಿ ನೋಡದೆ, ಸಂಘಕ್ಕೆ ಸಂಬಂಧವಿಲ್ಲದ ಯಾರದಾದರೂ ಹಳೆಯ ಫೋನಿಗೆ ಕಳಿಸಿ ತೆರೆದು ನೋಡುವುದು.

ಕಳಿಸುವವರ ವಿಳಾಸವೂ ಸಂಘದ ಸ್ವಂತ ಹೆಸರಿನಲ್ಲಿರಲಿ, ಉತ್ತರ ಬರೆದರೆ ಯಾರಾದರೂ ಓದುವಂತಿರಲಿ. 2024ರ ಫೆಬ್ರವರಿಯಿಂದ ಜಿಮೇಲ್‌ನವರು ಕಳಿಸುವವರೆಲ್ಲರಿಂದಲೂ ಎಸ್.ಪಿ.ಎಫ್. ಅಥವಾ ಡಿ.ಕೆ.ಐ.ಎಂ. ಎಂಬ ಗುರುತಿನ ಏರ್ಪಾಡನ್ನು ಬಯಸುತ್ತಾರೆ. ಈ ಪತ್ರ ನಿಜವಾಗಿಯೂ ಈ ಸಂಘದಿಂದಲೇ ಬಂದಿದೆ ಎಂಬುದಕ್ಕೆ ಅದು ಮೊಹರಿನಂತೆ. ಮೊಹರಿಲ್ಲದ ಪತ್ರ ಕಸದ ಬುಟ್ಟಿಗೆ ಬಿದ್ದರೆ ಅದರೊಳಗಿನ ಒಳ್ಳೆಯ ಬರವಣಿಗೆಯಿಂದ ಪ್ರಯೋಜನವಿಲ್ಲ.

ಎರಡನೆಯ ಪತ್ರ: ಮಾಲು ಹೊರಟಿದೆ

ಲಾರಿಗೆ ಮೂಟೆ ಏರಿಸುವ ಮುಂಚೆ ಯಾರೂ ಬಿಲ್ಟಿ ಕೊಡುವುದಿಲ್ಲ. ಇ-ಮೇಲಿನ ಅಂಗಡಿಗಳಲ್ಲಿ ಮಾತ್ರ ಈ ಕ್ರಮ ತಲೆಕೆಳಗಾಗಿರುತ್ತದೆ: ಪಾರ್ಸೆಲಿಗೆ ಅಂಟಿಸುವ ಚೀಟಿ ಅಚ್ಚಾದ ಕೂಡಲೇ "ನಿಮ್ಮ ಮಾಲು ಹೊರಟಿದೆ" ಎಂಬ ಪತ್ರ ಹೋಗುತ್ತದೆ, ಪಾರ್ಸೆಲ್ ಮಾತ್ರ ಇನ್ನೂ ಎರಡು ದಿನ ಕಚೇರಿಯ ಮೇಜಿನ ಮೇಲೆಯೇ ಇರುತ್ತದೆ. ಗಿರಾಕಿ ಅಂಚೆ ಇಲಾಖೆಯ ತಾಣದಲ್ಲಿ ಸಂಖ್ಯೆ ಹಾಕಿ ನೋಡಿದರೆ ಅದರ ಸುಳಿವೇ ಇಲ್ಲ. ಅಂಚೆ ಕಚೇರಿಯಲ್ಲಿ ಬುಕ್ ಆಗಿ ರಸೀದಿ ಕೈಗೆ ಬಂದ ನಂತರವೇ ಎರಡನೆಯ ಪತ್ರ ಹೊರಡಬೇಕು.

ವಿಷಯ: ಆರ್ಡರ್ 1147 ಅಂಚೆಗೆ ಹಾಕಿದೆ

ಸ್ಪೀಡ್ ಪೋಸ್ಟ್ ಸಂಖ್ಯೆ:
EK123456785IN
ಶನಿವಾರದಿಂದ ಮಂಗಳವಾರದೊಳಗೆ ಶಿರೋಳಕ್ಕೆ ತಲುಪಬಹುದು.
ಈ ಪಾರ್ಸೆಲಿನಲ್ಲಿ ಇರುವುದು: ಕಾಫಿ ಪುಡಿ 2 ಪೊಟ್ಟಣ, ಅಡಿಕೆ 1 ಕಿಲೋ. ಪೂರ್ತಿ ಆರ್ಡರ್ ಇದೇ.
ಕೊಡಬೇಕಾದ ಹಣ: ಏನೂ ಇಲ್ಲ.
ಪೊಟ್ಟಣ ಹರಿದಿದ್ದರೆ ಬಿಚ್ಚುವ ಮುಂಚೆ ಒಂದು ಫೋಟೋ ತೆಗೆದು ಈ ಪತ್ರಕ್ಕೆ ಉತ್ತರವಾಗಿ ಕಳಿಸಿ.

"ಕೊಡಬೇಕಾದ ಹಣ: ಏನೂ ಇಲ್ಲ" ಎಂಬ ಸಾಲು ಊರಿನಲ್ಲಿರುವ ತಾಯಿಗಾಗಿ. ಪಾರ್ಸೆಲ್ ಬಂದಾಗ ಮಗ ಹಣ ಕಟ್ಟಿದ್ದಾನೋ ಇಲ್ಲವೋ ಎಂದು ಅವರು ಅನುಮಾನಿಸುವ ಪ್ರಸಂಗ ಬರಬಾರದು. ಯಾರಾದರೂ ಸುಳ್ಳು ಹೇಳಿ ಹಣ ಕೇಳಿದರೂ ಅವರ ಕೈಯಲ್ಲಿ ಉತ್ತರವಿರುತ್ತದೆ. ತಲುಪುವ ದಿನವನ್ನು ಒಂದೇ ದಿನವೆಂದು ಹೇಳದೆ ಎರಡು ದಿನಗಳ ನಡುವೆ ಎಂದು ಹೇಳುವುದು ಕ್ಷೇಮ. ಅಡಿಕೆ ಆಮೇಲೆ ಹೋಗುವುದಾದರೆ "ಅಡಿಕೆ ಬೇರೆ ಪಾರ್ಸೆಲಿನಲ್ಲಿ ಸೋಮವಾರ ಹೊರಡುತ್ತದೆ" ಎಂದು ಇಲ್ಲಿಯೇ ಬರೆಯಬೇಕು. ಇಲ್ಲದಿದ್ದರೆ ಅರ್ಧ ಮಾಲು ಕಂಡವರು ಉಳಿದರ್ಧ ಕಳುವಾಯಿತೆಂದೇ ತಿಳಿಯುತ್ತಾರೆ.

ಸಂಖ್ಯೆಯನ್ನು ಒಂದೇ ಸಾಲಿನಲ್ಲಿ, ನಡುವೆ ಅಂತರವಿಲ್ಲದೆ, ಬೇರೆ ಮಾತು ಸೇರಿಸದೆ ಬರೆದರೆ ನಕಲು ಮಾಡುವುದು ಸುಲಭ. ರಸೀದಿಯಿಂದ ಕೈಯಲ್ಲಿ ಇಳಿಸಿಕೊಳ್ಳುವಾಗ ಒಂದು ಅಂಕಿ ತಪ್ಪಿದರೆ ಗಿರಾಕಿ ನೋಡುವುದು ಬೇರೆ ಯಾರದೋ ಪಾರ್ಸೆಲನ್ನು. ಇದನ್ನು ಹಿಡಿಯುವ ಉಪಾಯ ಆ ಸಂಖ್ಯೆಯಲ್ಲೇ ಅಡಗಿದೆ. ಒಂಬತ್ತು ಅಂಕಿಗಳಲ್ಲಿ ಕೊನೆಯದು ಮೊದಲ ಎಂಟರಿಂದ ಲೆಕ್ಕ ಹಾಕಿ ಇಟ್ಟ ತಾಳೆಯ ಅಂಕಿ. ಎಂಟು ಅಂಕಿಗಳನ್ನು ಕ್ರಮವಾಗಿ 8, 6, 4, 2, 3, 5, 9, 7ರಿಂದ ಗುಣಿಸಿ ಕೂಡಬೇಕು. ಮೊತ್ತವನ್ನು 11ರಿಂದ ಭಾಗಿಸಿ ಬಂದ ಶೇಷವನ್ನು 11ರಿಂದ ಕಳೆಯಬೇಕು. ಮೇಲಿನ ಮಾದರಿ ಸಂಖ್ಯೆಗೆ:

```
8+12+12+8+15+30+63+56 = 204
204 = 11 × 18 + 6
11 - 6 = 5
```

ಉತ್ತರ 5, ಸಂಖ್ಯೆಯ ಒಂಬತ್ತನೆಯ ಅಂಕಿಯೂ 5. ಆದ್ದರಿಂದ ಸಂಖ್ಯೆ ತಾಳೆಯಾಯಿತು. ಕಳೆದು ಬಂದುದು 10 ಆದರೆ ತಾಳೆಯ ಅಂಕಿ 0, 11 ಆದರೆ 5 ಎಂಬುದು ನಿಯಮ. ಕಂಪ್ಯೂಟರಿಗೆ ಈ ಲೆಕ್ಕವನ್ನು ಒಮ್ಮೆ ಹೇಳಿಕೊಟ್ಟರೆ ತಪ್ಪಿದ ಸಂಖ್ಯೆಯ ಪತ್ರವನ್ನು ಅದು ಹೊರಗೆ ಬಿಡುವುದಿಲ್ಲ. ಆದರೆ ಸರಿಯಾಗಿರುವ ಸಂಖ್ಯೆಯನ್ನು ಬೇರೊಬ್ಬರ ಪತ್ರದಲ್ಲಿ ಬರೆದಿದ್ದರೆ ಈ ಲೆಕ್ಕಕ್ಕೆ ಅದು ತಿಳಿಯದು. ಅದಕ್ಕೆ ರಸೀದಿಯ ಮೇಲೆಯೇ ಆರ್ಡರ್ ಸಂಖ್ಯೆ ಬರೆದುಕೊಳ್ಳುವ ಅಭ್ಯಾಸವೇ ಮದ್ದು.

ಮೂರನೆಯ ಪತ್ರ: ಪಾಸ್‌ವರ್ಡ್ ಮರೆತವರಿಗೆ

ಮೊದಲ ಎರಡು ಪತ್ರಗಳಲ್ಲಿ ಹಣ ಮತ್ತು ಮಾಲಿನ ಸಂಗತಿ. ಇದರಲ್ಲಿ ಬೀಗದ ಕೈ. ಇದನ್ನು ಗಿರಾಕಿ ಓದುವುದು ಅವಸರದಲ್ಲಿ, ಕಳ್ಳರು ಅನುಕರಿಸುವುದೂ ಇದನ್ನೇ. ಆದ್ದರಿಂದ ಇದು ಎಲ್ಲಕ್ಕಿಂತ ಚಿಕ್ಕದಾಗಿರಲಿ. ಮಾರಾಟದ ಮಾತು, ಹಬ್ಬದ ರಿಯಾಯಿತಿ, ಬೇರೆ ಕೊಂಡಿಗಳು ಯಾವುವೂ ಬೇಡ.

ವಿಷಯ: ಪಾಸ್‌ವರ್ಡ್ ಬದಲಿಸುವ ಕೊಂಡಿ, 1 ಗಂಟೆ ಮಾತ್ರ

ಇಂದು ಬೆಳಿಗ್ಗೆ 10.42ಕ್ಕೆ ಹೊಸ ಪಾಸ್‌ವರ್ಡಿಗಾಗಿ ಕೋರಿಕೆ ಬಂದಿದೆ.
ಹೊಸದನ್ನು ಮಾಡಿಕೊಳ್ಳಲು ಕೆಳಗಿನ ಕೊಂಡಿಯನ್ನು ಒತ್ತಿ. 11.42ರವರೆಗೆ, ಒಂದೇ ಸಲ ನಡೆಯುತ್ತದೆ.
ನೀವು ಕೇಳದಿದ್ದರೆ ಏನೂ ಮಾಡಬೇಕಾಗಿಲ್ಲ. ಹಳೆಯ ಪಾಸ್‌ವರ್ಡೇ ಮುಂದುವರಿಯುತ್ತದೆ.
ಒ.ಟಿ.ಪಿ.ಯನ್ನಾಗಲಿ ಯು.ಪಿ.ಐ. ಪಿನ್ ಅನ್ನಾಗಲಿ ನಾವು ಎಂದಿಗೂ ಕೇಳುವುದಿಲ್ಲ.

ಪಾಸ್‌ವರ್ಡನ್ನೇ ಪತ್ರದಲ್ಲಿ ಬರೆದು ಕಳಿಸುವ ಅಂಗಡಿಗಳು ಇನ್ನೂ ಇವೆ. ಆ ಪತ್ರ ವರ್ಷಗಟ್ಟಲೆ ಪೆಟ್ಟಿಗೆಯಲ್ಲಿ ಉಳಿದಿರುತ್ತದೆ. ಮನೆಯ ಎಲ್ಲರೂ ಬಳಸುವ ಫೋನಿನಲ್ಲಿ ಅದು ಬಾಗಿಲಿಗೇ ಬೀಗದ ಕೈ ತೂಗುಹಾಕಿದಂತೆ. ಕೊಂಡಿಯಾದರೋ ಒಮ್ಮೆ ಬಳಸಿದರೆ ಅಥವಾ ಗಂಟೆ ಕಳೆದರೆ ನಿರರ್ಥಕವಾಗುತ್ತದೆ.

ಕೋರಿಕೆಯ ಗಂಟೆ-ನಿಮಿಷ ಬರೆಯುವುದಕ್ಕೆ ಕಾರಣವಿದೆ. ಜಾಲ ನಿಧಾನವಿರುವ ಊರಿನಲ್ಲಿ ಗಿರಾಕಿ ಪತ್ರ ಬರಲಿಲ್ಲವೆಂದು ಗುಂಡಿಯನ್ನು ಮೂರು ಸಲ ಒತ್ತುತ್ತಾನೆ. ಆಮೇಲೆ ಮೂರು ಪತ್ರಗಳು ಒಟ್ಟಿಗೆ ಬರುತ್ತವೆ. ಕೊನೆಯದು ಮಾತ್ರ ನಡೆಯುವಂತಿದ್ದರೆ, ಅವನು ಮೊದಲನೆಯದನ್ನು ತೆರೆದು "ಅವಧಿ ಮುಗಿದಿದೆ" ಎಂಬ ಉತ್ತರ ಕಂಡು ಮತ್ತೊಮ್ಮೆ ಕೇಳುತ್ತಾನೆ. ಹೀಗೆ ಸುತ್ತು ಮುಗಿಯುವುದೇ ಇಲ್ಲ. ಪತ್ರದಲ್ಲಿ ಗಂಟೆ ಇದ್ದರೆ ಯಾವುದು ಹೊಸದೆಂದು ಅವನಿಗೇ ಕಾಣುತ್ತದೆ.

ಇನ್ನೊಂದು ತೊಂದರೆ ಕಣ್ಣಿಗೆ ಕಾಣದು. ಕೆಲವು ಕಚೇರಿಗಳ ಅಂಚೆ ಕಾವಲಿನ ತಂತ್ರಾಂಶವು ಪತ್ರದಲ್ಲಿರುವ ಕೊಂಡಿಯನ್ನು ಗಿರಾಕಿಗಿಂತ ಮೊದಲೇ ತಾನು ತೆರೆದು ಪರೀಕ್ಷಿಸುತ್ತದೆ. ಕೊಂಡಿ ತೆರೆದ ಮಾತ್ರಕ್ಕೆ "ಬಳಸಿ ಆಯಿತು" ಎಂದು ಲೆಕ್ಕ ಹಿಡಿದರೆ ಗಿರಾಕಿಗೆ ಉಳಿಯುವುದು ಸತ್ತ ಕೊಂಡಿ. ಹೊಸ ಪಾಸ್‌ವರ್ಡ್ ಬರೆದು ಗುಂಡಿ ಒತ್ತಿದ ಮೇಲೆಯೇ ಅದು ಮುಗಿದಂತೆ ಎಣಿಸಬೇಕು. ಕಚೇರಿಯ ವಿಳಾಸ ಕೊಟ್ಟವರಿಗೆ ಮಾತ್ರ ಕೊಂಡಿ ಕೆಲಸ ಮಾಡುತ್ತಿಲ್ಲವೆಂಬ ದೂರು ಬಂದರೆ ಇದೇ ಕಾರಣವಿರಬಹುದು.

ತಾಣದಲ್ಲಿ ಕಾಣುವ ಉತ್ತರವೂ ಎಚ್ಚರಿಕೆಯದಾಗಿರಲಿ. "ಈ ವಿಳಾಸ ನಮ್ಮಲ್ಲಿಲ್ಲ" ಎಂದು ಬಿಡಿಸಿ ಹೇಳಿದರೆ ಯಾರು ನಮ್ಮ ಗಿರಾಕಿ, ಯಾರು ಅಲ್ಲ ಎಂಬುದನ್ನು ಅಪರಿಚಿತರು ಪರೀಕ್ಷಿಸಿ ತಿಳಿಯಬಹುದು. "ಈ ವಿಳಾಸ ನಮ್ಮಲ್ಲಿದ್ದರೆ ಪತ್ರ ಬರುತ್ತದೆ" ಎಂಬ ಒಂದೇ ಮಾತು ಎಲ್ಲರಿಗೂ ಸಾಕು. ಪಾಸ್‌ವರ್ಡ್ ಬದಲಾದ ನಂತರ "ಬದಲಾಗಿದೆ, ನೀವಲ್ಲದಿದ್ದರೆ ಕೂಡಲೇ ತಿಳಿಸಿ" ಎಂಬ ಎರಡು ಸಾಲಿನ ಪತ್ರವೂ ಹೋಗಬೇಕು.

ಓದಿದರೆಂದು ತಿಳಿಯುವ ಬಗೆ

ಪತ್ರವನ್ನು ಎಷ್ಟು ಜನ ತೆರೆದರೆಂದು ಶೇಕಡಾವಾರು ತೋರಿಸುವ ತಂತ್ರಾಂಶಗಳಿವೆ. ಅವು ಪತ್ರದಲ್ಲಿ ಅಡಗಿಸಿಟ್ಟ ಸಣ್ಣ ಚಿತ್ರ ತೆರೆಯಿತೇ ಎಂಬುದನ್ನು ಎಣಿಸುತ್ತವೆ. 2021ರಿಂದ ಆಪಲ್ ಫೋನುಗಳ ಅಂಚೆ ತಂತ್ರಾಂಶವು, ಗಿರಾಕಿ ಗೋಪ್ಯತೆಯ ಏರ್ಪಾಡನ್ನು ಒಪ್ಪಿಕೊಂಡಿದ್ದರೆ, ಪತ್ರವನ್ನು ಯಾರೂ ನೋಡದಿದ್ದರೂ ಆ ಚಿತ್ರವನ್ನು ತಾನೇ ತರಿಸಿಕೊಳ್ಳುತ್ತದೆ. ಆದ್ದರಿಂದ ಆ ಎಣಿಕೆ ನಂಬಲರ್ಹವಲ್ಲ.

ಅದಕ್ಕಿಂತ ಒಂದು ನೂರು ಪುಟದ ಲೆಕ್ಕದ ಪುಸ್ತಕ ಮೇಲು. ಕಚೇರಿಗೆ ಬಂದ ಪ್ರತಿ ಫೋನಿನ ಪ್ರಶ್ನೆಯನ್ನು ಆರ್ಡರ್ ಸಂಖ್ಯೆಯೊಂದಿಗೆ ಒಂದು ಸಾಲಿನಲ್ಲಿ ಬರೆಯಬೇಕು. "ಆರ್ಡರ್ ಆಗಿದೆಯೇ?" ಎಂದು ಕೇಳಿದರೆ ಮೊದಲನೆಯ ಪತ್ರವನ್ನು ತಿದ್ದಬೇಕು. "ಎಲ್ಲಿಗೆ ಬಂತು?" ಎಂದು ಕೇಳಿದರೆ ಎರಡನೆಯದನ್ನು. "ಒಳಗೆ ಹೋಗಲಾಗುತ್ತಿಲ್ಲ" ಎಂದರೆ ಮೂರನೆಯದನ್ನು. ಒಂದು ತಿಂಗಳು ಹೀಗೆ ಬರೆದು, ಯಾವ ಪ್ರಶ್ನೆ ಹೆಚ್ಚು ಬಂದಿದೆಯೋ ಅದರ ಉತ್ತರವನ್ನು ಆ ಪತ್ರದ ಮೊದಲ ಸಾಲಿಗೆ ತಂದು, ಮುಂದಿನ ತಿಂಗಳು ಮತ್ತೆ ಎಣಿಸಿ ನೋಡಬೇಕು. ತಿದ್ದುವಾಗ ಒಂದು ಸಲಕ್ಕೆ ಒಂದೇ ಸಾಲನ್ನು ಬದಲಿಸಿದರೆ ಯಾವುದರಿಂದ ಫೋನುಗಳು ಕಡಿಮೆಯಾದವೆಂಬುದು ಸ್ಪಷ್ಟವಾಗಿ ತಿಳಿಯುತ್ತದೆ.